ತೊಗರಿ ಹೋಯ್ತು ಅಂದವರಿಗೆ ‘ಪರವಾಗಿಲ್ಲ ಬಿಡಿ’ ಅನ್ನಬಹುದಾ?

“ನಾನು ಮೈಸೂರಿನವಳು. ಕೆಲಸಕ್ಕೆ ಅಂತ ಕಲಬುರಗಿಗೆ ಬಂದು ಆರು ತಿಂಗಳಾಯ್ತು. ಆಫೀಸಿನ ಹಿರಿಯರೊಬ್ಬರು ‘ಈ ಸಲ ತೊಗರಿ ಪೂರಾ ಹೋಯ್ತು’ ಅಂದರು. ಸಮಾಧಾನಕ್ಕೆ ‘ಪರವಾಗಿಲ್ಲ ಬಿಡಿ ಸರ್, ಏನೂ ಆಗಲ್ಲ’ ಅಂದೆ. ಅವರು ಸುಮ್ಮನಾಗಿಬಿಟ್ಟರು. ನಾನು ಏನು ತಪ್ಪು ಹೇಳಿದೆ?”

ತೊಡಕಿರುವುದು ‘ಬಿಡಿ’ ಅನ್ನೋ ಮಾತಿನಲ್ಲಿ. ಕೈಯಲ್ಲಿ ಹಿಡಿದವರು ಮಾತ್ರ ಬಿಡಬಹುದು, ಅಲ್ವಾ? ಬಸ್ಸಿನಲ್ಲಿ ಕಾಲು ತುಳಿಸಿಕೊಂಡವರು ‘ಇರ್ಲಿ ಬಿಡ್ರಿ’ ಅಂದರೆ ಅದು ಅವರ ದೊಡ್ಡ ಮನಸ್ಸು. ತುಳಿದವನೇ ‘ಏನ್ ಆಗಂಗಿಲ್ಲ ಬಿಡ್ರಿ’ ಅಂದರೆ ಇಡೀ ಬಸ್ಸು ತಿರುಗಿ ನೋಡುತ್ತದೆ. ಮಾತು ಹೆಚ್ಚುಕಡಿಮೆ ಒಂದೇ, ಆಡಿದವರು ಬೇರೆ. ನಷ್ಟ ಆಗಿದ್ದು ಆ ಹಿರಿಯರಿಗೆ. ಅದನ್ನು ಬಿಡಬೇಕೋ ಬೇಡವೋ ಅನ್ನೋದು ಅವರ ಕೈಯಲ್ಲಿತ್ತು.

‘ಪರವಾಗಿಲ್ಲ’ ಕೂಡ ಹಾಗೇ. ಇದರೊಳಗಿನ ‘ಪರ್ವಾ’ ಪಾರಸಿ ಮೂಲದ್ದು, ಉರ್ದುವಿನಲ್ಲೂ ಇದೆ. ಚಿಂತೆ, ಲಕ್ಷ್ಯ ಅಂತ ಅರ್ಥ. ನಿಮ್ಮ ಕಡೆ ಈ ಮೂಲದ ಅರ್ಥ ಅಷ್ಟಾಗಿ ನೆನಪಿಗೆ ಬರಲಿಕ್ಕಿಲ್ಲ. ನಮ್ಮಲ್ಲಿ ಮನೆಯಾಚೆ ಕಾಲಿಟ್ಟರೆ ಉರ್ದು ಕಿವಿಗೆ ಬೀಳುತ್ತದೆ. ‘ಅವಂಗ ಯಾರ ಪರವಾನೂ ಇಲ್ಲ’ ಅಂತ ಬೈಯುವುದೂ ಉಂಟು. ಹಾಗಾಗಿ ಕ್ಷಮೆ ಕೇಳಿದವರಿಗೆ ‘ಪರವಾಗಿಲ್ಲ’ ಅಂದರೆ ‘ನನಗೇನೂ ಬೇಸರವಿಲ್ಲ’ ಅಂತ ಹಿತವಾಗಿ ಕೇಳಿಸುತ್ತದೆ. ನೋವು ಹೇಳಿಕೊಂಡವರಿಗೆ ಅದೇ ಮಾತು ಹೇಳಿದರೆ ‘ನಿಮ್ಮ ನೋವು ಲೆಕ್ಕಕ್ಕಿಲ್ಲ’ ಅಂದಂತೆ ಆಗಿಬಿಡುತ್ತದೆ.

ನನ್ನದು ಇಲ್ಲೇ ಹೊಲಿಗೆ ಅಂಗಡಿ. ಈ ಪಾಠ ನನಗೂ ಗಿರಾಕಿಯಿಂದಲೇ ಬಂತು. ಒಬ್ಬ ಅಕ್ಕ ಮಗಳ ಮದುವೆಗೆ ಕುಪ್ಪಸ ಹೊಲಿಯಲು ಕೊಟ್ಟಿದ್ದರು. ಹಿಂದಿನ ದಿನ ಬಂದು ಹಾಕಿ ನೋಡಿದರೆ ತೋಳು ಬಿಗಿ. ನಾನು ಟೇಪು ಹಿಡಿದುಕೊಂಡೇ ‘ಏನ್ ಆಗಂಗಿಲ್ಲ ಬಿಡ್ರಿ ಅಕ್ಕಾರ, ಒಳಗ ಅರಿವಿ ಬಿಟ್ಟೀನಿ’ ಅಂದೆ. ಅದು ಸುಳ್ಳಾಗಿರಲಿಲ್ಲ. ತೋಳಿನ ಒಳಗೆ ಅರ್ಧ ಇಂಚು ಬಟ್ಟೆ ಬಿಟ್ಟಿದ್ದೆ. ಹೊಲಿಗೆ ಬಿಚ್ಚಿ ಮತ್ತೆ ಹಾಕಲು ಕಾಲು ಗಂಟೆಯೂ ಬೇಡ. ಆದರೂ ಅವರ ಕಣ್ಣಲ್ಲಿ ನೀರು ಬಂತು. ‘ನಿಮಗ ಏನ್ ಆಗಂಗಿಲ್ರಿ, ನನಗ ಆಗತದ’ ಅಂದರು. ತಪ್ಪು ನನ್ನದು. ‘ಏನ್ ಆಗಂಗಿಲ್ಲ’ ಅನ್ನುವ ಹಕ್ಕು ನನಗಿರಲಿಲ್ಲ. ‘ತಪ್ಪಾಯ್ತ್ರಿ, ಕೂಡ್ರಿ, ಈಗೇ ಬಿಚ್ಚಿ ಕೊಡ್ತೀನಿ’ ಅನ್ನಬೇಕಿತ್ತು. ಈಗ ಮೊದಲು ಅದನ್ನೇ ಹೇಳುತ್ತೇನೆ. ಬಟ್ಟೆ ಸರಿಯಾದ ಮೇಲೆ ಅವರೇ ‘ಇರ್ಲಿ ಬಿಡ್ರಿ’ ಅನ್ನುತ್ತಾರೆ.

ಆ ‘ಇರ್ಲಿ’ಯನ್ನೂ ಕಿವಿಗೊಟ್ಟು ಕೇಳಬೇಕು. ‘ಇರ್ಲಿ ಇರ್ಲಿ’ ಅಂತ ಎರಡು ಸಲ ಹೇಳಿ, ಹಿಂದೆಯೇ ‘ಚಾ ಕುಡದ್ರ್ಯಾ?’ ಅಂತ ಮಾತು ಮುಂದುವರಿಸಿದರೆ ಮನಸ್ಸು ತಿಳಿಯಾಗಿದೆ ಅಂತ. ಬರೀ ‘ಇರ್ಲಿ’ ಅಂದು ಚೀಲ ಎತ್ತಿಕೊಂಡರೆ ಅವರು ಇನ್ನೂ ಏನನ್ನೂ ಬಿಟ್ಟಿಲ್ಲ. ಅಂಥವರ ಹಿಂದೆ ನಾನು ಬಾಗಿಲ ತನಕ ಹೋಗಿ ಇನ್ನೊಂದು ಸಲ ಮಾತಾಡಿಸುತ್ತೇನೆ.

‘ಮನಸಿಗಿ ಹಚ್ಚಕೋಬ್ಯಾಡ್ರಿ’ ಅನ್ನೋದೂ ಹೀಗೇ. ಮೂರನೆಯವರು ಆಡಿದ ಮಾತಿನಿಂದ ನೊಂದವರಿಗೆ ಹೇಳಿದರೆ ಅದು ಆಸರೆ. ನಾವೇ ಚುಚ್ಚಿ ನಾವೇ ಹೇಳಿದರೆ, ಹಚ್ಚಿಕೊಂಡಿದ್ದೇ ನಿಮ್ಮ ತಪ್ಪು ಅಂದಂತೆ.

ಈಗ ನಿಮ್ಮ ಹಿರಿಯರ ತೊಗರಿಗೆ ಬರೋಣ. ಮಳೆ ಹಿಡಿದಾಗ ಜೂನ್-ಜುಲೈಯಲ್ಲಿ ಬಿತ್ತಿದ್ದು ಕೈಗೆ ಬರುವುದು ಡಿಸೆಂಬರ್-ಜನವರಿಗೆ. ನೆಟೆ ರೋಗ ಬಿದ್ದರೆ ಹೂವು, ಕಾಯಿ ಹಿಡಿಯೋ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಬೀಜ, ಕಳೆ, ಔಷಧಿ ಎಲ್ಲದಕ್ಕೂ ಆಗಲೇ ದುಡ್ಡು ಹಾಕಿ ಆಗಿರುತ್ತದೆ. ಅಷ್ಟು ತಿಂಗಳ ಕಥೆ ಹೇಳಲು ಅವರು ಬಾಯಿ ತೆರೆದಿದ್ದರು. ‘ಏನೂ ಆಗಲ್ಲ’ ಅಂದ ಕೂಡಲೇ ಅವರಿಗೆ ಮುಂದೆ ಹೇಳಲು ಜಾಗ ಉಳಿಯಲಿಲ್ಲ.

ಇಲ್ಲಿನವರು ಇಂಥ ಹೊತ್ತಿನಲ್ಲಿ ಮೊದಲು ಕೇಳುತ್ತಾರೆ: ‘ಅಯ್ಯೋ, ಎಷ್ಟ್ ಎಕರೆ ಇತ್ರಿ? ನೆಟೆ ಬಿತ್ತೋ, ಮಳೀಗಿ ಹೋಯ್ತೋ?’ ಅವರು ಹೇಳಿ ಮುಗಿಸಿದ ಮೇಲೆ ‘ಧೈರ್ಯ ಬಿಡಬ್ಯಾಡ್ರಿ, ನಾವ್ ಅದೀವಲ್ರಿ’ ಅನ್ನುತ್ತಾರೆ. ನೋಡಿ, ಇಲ್ಲೂ ‘ಬಿಡು’ ಇದೆ. ಆದರೆ ಬಿಡಬೇಡಿ ಅನ್ನುತ್ತಿರುವುದು ಧೈರ್ಯವನ್ನು.

ನಿಮಗೆ ನಮ್ಮ ಮಾತಿನ ಧಾಟಿ ಬರದಿದ್ದರೂ ನಡೆಯುತ್ತದೆ. ನಿಮ್ಮ ಮೈಸೂರು ಕನ್ನಡದಲ್ಲೇ ಕೇಳಿ. ನಾಳೆ ಚಹಾ ಹೊತ್ತಿಗೆ ಅವರ ಹತ್ತಿರ ಹೋಗಿ, ‘ಸರ್, ಮೊನ್ನೆ ನಾನು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. ಹೊಲ ಯಾವ ಊರಲ್ಲಿದೆ? ಎಷ್ಟು ಹೋಯ್ತು?’ ಅನ್ನಿ. ಆಮೇಲೆ ಅವರು ಮಾತಾಡಲಿ, ಮಧ್ಯೆ ಬಾಯಿ ಹಾಕಬೇಡಿ.