93 ರೂಪಾಯಿ, 112 ದಿನ: ನಿಮ್ಮ ಲೇಖನದ ಬಗ್ಗೆ

“ಸರ್, ನಾನು ವಕೀಲಿ ಶುರು ಮಾಡಿ ಎರಡು ವರ್ಷ ಆಯಿತು. ‘ತಪ್ಪು ಚಿಕ್ಕದು, ಶಿಕ್ಷೆ ದೊಡ್ಡದು’ ಎಂಬ ಲೇಖನ ಕಳಿಸಿದ್ದೇನೆ. 93 ರೂಪಾಯಿಗೆ ಕೆಲಸ ಕಳೆದುಕೊಂಡ ಬಸ್ ಕಂಡಕ್ಟರ್ ಬಗ್ಗೆ ಇದೆ, 112 ದಿನ ಗೈರಾಗಿದ್ದಕ್ಕೆ ಕೆಲಸದಿಂದ ತೆಗೆದ ತಾಲ್ಲೂಕು ಕಚೇರಿಯ ಎಫ್‌ಡಿಎ ಬಗ್ಗೆಯೂ ಇದೆ. ಶಿಕ್ಷೆ ಜಾಸ್ತಿಯಾದರೆ ಕೋರ್ಟ್ ಕಡಿಮೆ ಮಾಡಲೇಬೇಕು ಅನ್ನುವುದು ನನ್ನ ವಾದ. ಪ್ರಕಟಿಸಬಹುದಾ? ನೇರವಾಗಿ ಹೇಳಿ.”

ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಬರವಣಿಗೆ ಸಲೀಸಾಗಿದೆ, ಕಳಕಳಿಯೂ ನಿಜವಾದದ್ದು. ಆದರೆ ವಾದದ ಬುಡವೇ ತಪ್ಪಿದೆ. ಒಳ್ಳೆಯ ವಿಷಯ ಮೂರನೇ ಪುಟದಲ್ಲಿದೆ, ಅದನ್ನು ನೀವು ಎರಡೇ ಸಾಲಿನಲ್ಲಿ ಮುಗಿಸಿ ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಬುಡದ ವಿಷಯ. ಶಿಕ್ಷೆ ಜಾಸ್ತಿಯಾಯಿತು ಅಂದ ಮಾತ್ರಕ್ಕೆ ಕೋರ್ಟ್ ಕೈ ಹಾಕುವುದಿಲ್ಲ. ನ್ಯಾಯಮೂರ್ತಿಗಳಿಗೆ ಖುದ್ದು “ನಾನಾಗಿದ್ದರೆ ಎರಡು ವೇತನ ಬಡ್ತಿ ತಡೆದು ಬಿಡುತ್ತಿದ್ದೆ” ಅನ್ನಿಸಿದರೂ ಅದು ಸಾಲದು. ಯಾವ ಶಿಕ್ಷೆ ಕೊಡಬೇಕು ಅನ್ನುವುದು ಶಿಸ್ತು ಪ್ರಾಧಿಕಾರಿಯ ಕೆಲಸ. ವಿವೇಕ ಇರುವ ಯಾವ ಅಧಿಕಾರಿಯೂ ಇಂಥ ತಪ್ಪಿಗೆ ಇಂಥ ಶಿಕ್ಷೆ ಕೊಡುತ್ತಿರಲಿಲ್ಲ ಅನ್ನುವಷ್ಟು ಅಂತರ ಕಂಡಾಗ ಮಾತ್ರ ಕೋರ್ಟ್ ಒಳಗೆ ಬರುತ್ತದೆ. ತೀರ್ಪುಗಳಲ್ಲಿ ಅದನ್ನೇ “ಮನಸ್ಸಾಕ್ಷಿಗೆ ಆಘಾತ” ಎನ್ನುತ್ತಾರೆ. ಈ ಮಾತನ್ನು ನೀವು ನಾಲ್ಕು ಕಡೆ ಬರೆದಿದ್ದೀರಿ, ಆದರೆ ಆಘಾತ ಅಂದರೆ ಎಷ್ಟು ಅಂತ ಒಂದು ಕಡೆಯೂ ತೋರಿಸಿಲ್ಲ.

ತೋರಿಸಲು ಬೇಕಾದದ್ದು ರಂಜಿತ್ ಠಾಕೂರ್ ಪ್ರಕರಣ. 1987ರ ತೀರ್ಪು, ಬರೆದವರು ನಮ್ಮ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅವರು. ಠಾಕೂರ್ ಸೈನ್ಯದಲ್ಲಿ ಸಿಗ್ನಲ್‌ಮನ್. ಕಮಾಂಡಿಂಗ್ ಅಧಿಕಾರಿಯ ಮೇಲೆ ನೇರವಾಗಿ ಮೇಲಧಿಕಾರಿಗಳಿಗೆ ದೂರು ಕಳಿಸಿದ್ದಕ್ಕೆ ಅದಾಗಲೇ 28 ದಿನದ ಕಠಿಣ ಸಜೆ ಅನುಭವಿಸುತ್ತಿದ್ದ. ಸಜೆಯಲ್ಲಿರುವಾಗ ಜೂನಿಯರ್ ಕಮಿಷನ್ಡ್ ಅಧಿಕಾರಿಯೊಬ್ಬರು ಊಟ ಮಾಡು ಅಂದರು. ಮಾಡಲಿಲ್ಲ. ಇಷ್ಟೇ ಆರೋಪ, ಕಾನೂನುಬದ್ಧ ಆಜ್ಞೆಯನ್ನು ಪಾಲಿಸಲಿಲ್ಲ ಅಂತ. ಸಮ್ಮರಿ ಕೋರ್ಟ್ ಮಾರ್ಷಲ್ ನಡೆಯಿತು, ಯಾರ ಮೇಲೆ ಆತ ದೂರು ಕೊಟ್ಟಿದ್ದನೋ ಅದೇ ಅಧಿಕಾರಿ ಅದರಲ್ಲಿ ಕೂತಿದ್ದರು, ಒಂದು ವರ್ಷ ಕಠಿಣ ಸಜೆ ಮತ್ತು ವಜಾ ಅಂತ ಆದೇಶವಾಯಿತು. ಸುಪ್ರೀಂ ಕೋರ್ಟ್ ಇಡೀ ಆದೇಶವನ್ನು ರದ್ದು ಮಾಡಿತು. ಶಿಕ್ಷೆ ತಪ್ಪಿಗೂ ಹೊಂದಬೇಕು, ತಪ್ಪು ಮಾಡಿದವನಿಗೂ ಹೊಂದಬೇಕು, ಅದು ವಿಪರೀತವಾದಾಗ ಆ ವಿಪರೀತವೇ ಪೂರ್ವಗ್ರಹಕ್ಕೆ ಸಾಕ್ಷಿಯಾಗುತ್ತದೆ ಅನ್ನುವುದು ಆ ತೀರ್ಪಿನ ತಿರುಳು. ಊಟದ ತಟ್ಟೆ ಒಂದು ಕಡೆ, ಜೈಲು ಮತ್ತು ವಜಾ ಇನ್ನೊಂದು ಕಡೆ. ಆಘಾತ ಅಂದರೆ ಈ ಮಟ್ಟದ್ದು.

ಈಗ ನಿಮ್ಮ ಕಂಡಕ್ಟರ್. ನೀವು ಹೇಳುತ್ತಿರುವುದು ಎ.ಟಿ. ಮಾನೆ ಪ್ರಕರಣ, 2005ರ ಸುಪ್ರೀಂ ಕೋರ್ಟ್ ವರದಿಗಳಲ್ಲಿ ಇರುವುದು. ತಪಾಸಣೆ ಹೊತ್ತಿನಲ್ಲಿ ಕೈಯಲ್ಲಿ ಲೆಕ್ಕಕ್ಕೆ ಸಿಗದ 93 ರೂಪಾಯಿ ಜಾಸ್ತಿ ಇತ್ತು. ನೀವು ಇದನ್ನು “ಹೃದಯವಿಲ್ಲದ ತೀರ್ಪು” ಅಂತ ಬರೆದು ಮುಂದೆ ಹೋಗಿದ್ದೀರಿ. ಹಾಗೆ ಬರೆಯುವ ಮೊದಲು ಕೋರ್ಟ್ ಯಾಕೆ ವಜಾ ಎತ್ತಿಹಿಡಿಯಿತು ಅಂತ ಓದುಗರಿಗೆ ಹೇಳಬೇಕಿತ್ತು, ಅಲ್ವಾ? ಕೋರ್ಟ್ ನೋಡಿದ್ದು ಮೊತ್ತವನ್ನಲ್ಲ, ಕೆಲಸದ ಸ್ವರೂಪವನ್ನು. ಕಂಡಕ್ಟರ್ ಅಂದರೆ ನಿಗಮದ ಹಣ ಮುಟ್ಟುವ ಕೈ. ಬಸ್ಸಿನಲ್ಲಿ ಅವರ ಮೇಲೆ ಕಣ್ಣಿಡಲು ಇನ್ನೊಬ್ಬರು ಇರುವುದಿಲ್ಲ. ಬ್ಯಾಗಿನಲ್ಲಿರುವ ಹಣ, ಕೊಟ್ಟ ಟಿಕೆಟ್, ಮಾರ್ಗಪತ್ರ ಈ ಮೂರೂ ತಾಳೆಯಾಗಬೇಕು, ತನಿಖಾ ತಂಡ ಹತ್ತಿದಾಗ ಮಾತ್ರ ತಾಳೆ ನೋಡಲು ಆಗುತ್ತದೆ. ಅಲ್ಲಿ ಒಮ್ಮೆ ವಿಶ್ವಾಸ ಹೋದರೆ ಅದು 93 ಆದರೂ ಒಂದೇ, 9,300 ಆದರೂ ಒಂದೇ ಅನ್ನುವುದು ತರ್ಕ. ಮರು ವರ್ಷ ಎಚ್. ಅಮರೇಶ್ ಪ್ರಕರಣದಲ್ಲಿ 360 ರೂಪಾಯಿ 95 ಪೈಸೆ. ಅದರಲ್ಲೂ ಇದೇ ತರ್ಕ, ಇದೇ ಫಲಿತಾಂಶ. ಎರಡೂ ನಮ್ಮ ರಾಜ್ಯದ ಸಾರಿಗೆ ನಿಗಮಗಳ ಪ್ರಕರಣಗಳೇ.

ನನಗೂ ಈ ತರ್ಕದ ಬಗ್ಗೆ ತಕರಾರಿದೆ. ಇಪ್ಪತ್ತು ವರ್ಷ ಒಂದೂ ದೂರಿಲ್ಲದೆ ದುಡಿದವರನ್ನೂ, ಪದೇಪದೇ ಸಿಕ್ಕಿಬಿದ್ದವರನ್ನೂ ಅದು ಒಂದೇ ತಕ್ಕಡಿಯಲ್ಲಿ ಇಡುವ ಅಪಾಯ ಇದೆ. ಆದರೆ ತಕರಾರು ಹೇಳಬೇಕಾದರೆ ಮೊದಲು ತರ್ಕವನ್ನು ಅದರ ಪೂರ್ತಿ ಬಲದಲ್ಲಿ ಓದುಗರ ಮುಂದೆ ಇಡಿ. ಇಲ್ಲದಿದ್ದರೆ ನಿಮ್ಮ ಲೇಖನ ಓದಿದ ಕಂಡಕ್ಟರ್ ಒಬ್ಬರು “ಚಿಕ್ಕ ಮೊತ್ತ, ಕೋರ್ಟಿಗೆ ಹೋದರೆ ಕೆಲಸ ವಾಪಸ್ ಸಿಗುತ್ತದೆ” ಅಂತ ನಂಬಿ ಹತ್ತು ವರ್ಷ ಅಲೆಯುತ್ತಾರೆ. ಅದರ ಹೊಣೆ ನಮ್ಮಿಬ್ಬರದ್ದು.

ಎರಡನೇ ತಪ್ಪು ಇನ್ನೂ ದೊಡ್ಡದು. ಎಫ್‌ಡಿಎ ವಿಷಯಕ್ಕೆ ನೀವು ಕೈಗಾರಿಕಾ ವಿವಾದ ಕಾಯ್ದೆಯ 11ಎ ಕಲಂ ಹಾಕಿದ್ದೀರಿ. ಅದು ಅವರಿಗೆ ಅನ್ವಯಿಸುವುದೇ ಇಲ್ಲ. 1971ರಲ್ಲಿ ಸೇರಿಸಿದ ಆ ಕಲಂ ಕಾರ್ಮಿಕ ನ್ಯಾಯಾಲಯಕ್ಕೆ ವಿಶೇಷ ಅಧಿಕಾರ ಕೊಟ್ಟಿತು. ವಜಾ ಸರಿಯಲ್ಲ ಅನ್ನಿಸಿದರೆ ಅದರ ಬದಲು ಕಡಿಮೆ ಶಿಕ್ಷೆಯನ್ನು ತಾನೇ ವಿಧಿಸಬಹುದಿತ್ತು. ಆ ಕಾಯ್ದೆ ಜಾರಿಯಲ್ಲಿದ್ದ 2025ರ ನವೆಂಬರ್‌ವರೆಗೆ ಅದು ಕಂಡಕ್ಟರ್, ಡ್ರೈವರ್, ಕಾರ್ಖಾನೆ ನೌಕರರ ದಾರಿಯಾಗಿತ್ತು. ತಾಲ್ಲೂಕು ಕಚೇರಿಯವರು ಸರ್ಕಾರಿ ನೌಕರರು. ಅವರಿಗೆ ಶಿಸ್ತು ಕ್ರಮ ಮತ್ತು ಮೇಲ್ಮನವಿಯ 1957ರ ಸಿಸಿಎ ನಿಯಮಗಳು, ಇಲಾಖೆಯೊಳಗೆ ಮೇಲ್ಮನವಿ, ಆಮೇಲೆ ಕೆಎಟಿ ಅಂದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ, ಅದರ ಮೇಲೆ ಹೈಕೋರ್ಟ್. ಅಲ್ಲಿ ಶಿಕ್ಷೆ ಬದಲಿಸುವ ಕೈ ಬಹಳ ಬಿಗಿ. ಒಬ್ಬರ ದಾರಿಯನ್ನು ಇನ್ನೊಬ್ಬರಿಗೆ ತೋರಿಸಿದರೆ ಅವರು ತಪ್ಪು ಬಾಗಿಲು ತಟ್ಟುತ್ತಾ ಕಾಲಮಿತಿ ಕಳೆದುಕೊಳ್ಳುತ್ತಾರೆ.

ಇನ್ನು ಮೂರನೇ ಪುಟ. ಎಫ್‌ಡಿಎ ಆಗಿದ್ದ ಆ ಮಹಿಳೆಯ ಅಂತಿಮ ಆದೇಶದಿಂದ ನೀವು ಒಂದು ಸಾಲು ಎತ್ತಿ ಹಾಕಿದ್ದೀರಿ: “ಸದರಿಯವರು ಈ ಹಿಂದೆಯೂ ಎರಡು ಬಾರಿ ದಂಡನೆಗೆ ಒಳಗಾಗಿದ್ದು, ಸುಧಾರಣೆ ಕಂಡುಬಂದಿರುವುದಿಲ್ಲ.” ಅದರ ಹಿಂದೆಯೇ ದೋಷಾರೋಪಣ ಪಟ್ಟಿಯಲ್ಲಿ 112 ದಿನದ ಗೈರು ಬಿಟ್ಟರೆ ಬೇರೇನೂ ಇರಲಿಲ್ಲ ಅಂತಲೂ ಬರೆದಿದ್ದೀರಿ. ಈ ಎರಡು ಸಾಲನ್ನು ಅಕ್ಕಪಕ್ಕ ಇಟ್ಟು ನೋಡಿ. ಹಳೇ ದಂಡನೆಯನ್ನು ಆದೇಶದಲ್ಲಿ ತೂಕಕ್ಕೆ ಹಾಕಿದ್ದಾರೆ, ಆದರೆ ಅದನ್ನು ತೂಕಕ್ಕೆ ಹಾಕುತ್ತೇವೆ ಅಂತ ಅವರಿಗೆ ಹೇಳೇ ಇಲ್ಲ. ಹೇಳಿದ್ದರೆ ಅವರು ಉತ್ತರ ಕೊಡುತ್ತಿದ್ದರು. ಒಂದು ದಂಡನೆ ಮೇಲ್ಮನವಿಯಲ್ಲಿ ರದ್ದಾಗಿತ್ತು ಅನ್ನಬಹುದಿತ್ತು, ಇನ್ನೊಂದು ತಡವಾಗಿ ಬಂದದ್ದಕ್ಕೆ ಕೊಟ್ಟ ವಾಗ್ದಂಡನೆ ಅಷ್ಟೇ ಅನ್ನಬಹುದಿತ್ತು.

ಇದಕ್ಕೆ ನಮ್ಮದೇ ಹಳೇ ಪ್ರಕರಣ ಇದೆ, 1963ರ ಮೈಸೂರು ರಾಜ್ಯ ವಿರುದ್ಧ ಮಂಚೇಗೌಡ. ಅವರ ಮೇಲಿದ್ದದ್ದು ಸುಳ್ಳು ಭತ್ಯೆ ಬಿಲ್ಲಿನ ಆರೋಪ. ವಿಚಾರಣಾಧಿಕಾರಿ ಹಿಂಬಡ್ತಿ ಸಾಕು ಅಂದಿದ್ದರು. ಸರ್ಕಾರ ಹಳೇ ದಂಡನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ವಜಾ ಮಾಡಿತು, ನೋಟಿಸಿನಲ್ಲಿ ಅವುಗಳ ಪ್ರಸ್ತಾಪವೇ ಇರಲಿಲ್ಲ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಶಿಕ್ಷೆಗೆ ಯಾವುದನ್ನು ಆಧಾರ ಮಾಡಿಕೊಳ್ಳುತ್ತೀರೋ ಅದನ್ನು ನೌಕರನಿಗೆ ಮೊದಲೇ ತಿಳಿಸಬೇಕು ಅಂದಿತು. ಒಂದು ಎಚ್ಚರ ಹೇಳಲೇಬೇಕು. 1976ರ 42ನೇ ತಿದ್ದುಪಡಿಯ ನಂತರ, ಶಿಕ್ಷೆಯ ಬಗ್ಗೆಯೇ ಎರಡನೇ ಸಲ ಕಾರಣ ಕೇಳುವ ನೋಟಿಸ್ ಕೊಡುವುದು ಸಂವಿಧಾನದ ಪ್ರಕಾರ ಕಡ್ಡಾಯವಲ್ಲ. ತಪ್ಪು ತಾನೇ ಅತಿ ಗಂಭೀರವಾಗಿದ್ದು, ಹಳೇ ದಾಖಲೆ ಸುಮ್ನೆ ಒಂದು ಸಾಲಾಗಿ ಬಂದಿದ್ದರೆ ಆದೇಶ ಉಳಿದುಕೊಳ್ಳಬಹುದು. ಆದ್ದರಿಂದ ನಿಮ್ಮ ಪ್ರಶ್ನೆ ಹೀಗಿರಬೇಕು: ಆ ಸಾಲನ್ನು ತೆಗೆದರೂ ಸೇವೆಯಿಂದ ತೆಗೆಯುವ ಆದೇಶ ನಿಲ್ಲುತ್ತದಾ?

ನಿಲ್ಲುವುದು ಕಷ್ಟ ಅಂತ ನನ್ನ ಲೆಕ್ಕ. 17 ವರ್ಷದ ಸೇವೆ, ಹಣದ ಪ್ರಶ್ನೆ ಇಲ್ಲ, ಅಮ್ಮನ ಕಾಯಿಲೆಗೆ ಆಸ್ಪತ್ರೆ ಕಾಗದ ಇದೆ ಅಂತ ನೀವೇ ಬರೆದಿದ್ದೀರಿ. 2012ರ ಕೃಷ್ಣಕಾಂತ್ ಪರ್ಮಾರ್ ತೀರ್ಪು ಇಲ್ಲಿ ನೇರ ಉಪಯೋಗಕ್ಕೆ ಬರುತ್ತದೆ. ಬೇಕೆಂದೇ ಗೈರಾದರು ಅಂತ ವಿಚಾರಣೆಯಲ್ಲಿ ಸಾಬೀತಾಗಬೇಕು, ಬೇರೆ ದಾರಿಯೇ ಇಲ್ಲದ ಸ್ಥಿತಿಯಲ್ಲಿ ಬರಲಾಗದಿದ್ದರೆ ಅದನ್ನು ಕರ್ತವ್ಯಲೋಪ ಅನ್ನಲಾಗದು. 2009ರ ಕೋಲ್ ಇಂಡಿಯಾ ಪ್ರಕರಣವನ್ನೂ ಸೇರಿಸಿ. ಮುಕುಲ್ ಕುಮಾರ್ ಚೌಧುರಿ ಎಂಬ ಉದ್ಯೋಗಿ ಆರು ತಿಂಗಳಿಗೂ ಜಾಸ್ತಿ ಗೈರು, ತಪ್ಪು ಒಪ್ಪಿಕೊಂಡು ವೈಯಕ್ತಿಕ ಕಾರಣ ಹೇಳಿದ್ದರು. ವಿವೇಕವಿರುವ ಯಾವ ಮಾಲೀಕನೂ ಇಷ್ಟಕ್ಕೆ ಕೆಲಸದಿಂದ ತೆಗೆಯುತ್ತಿರಲಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿ ವಾಪಸ್ ಸೇರಿಸಿತು. ಆದರೆ ಹಿಂಬಾಕಿ ವೇತನ ಕೊಡಲಿಲ್ಲ. ಈ ಕೊನೆಯ ಸಾಲನ್ನು ಬಿಡಬೇಡಿ.

ಮೇಲ್ಮನವಿ ಆದೇಶವನ್ನೂ ನೀವು ಗಮನಿಸಿಲ್ಲ. “ಪರಿಶೀಲಿಸಲಾಗಿ, ಮಧ್ಯಪ್ರವೇಶಿಸಲು ಕಾರಣಗಳಿಲ್ಲ” ಅಂತ ಒಂದೇ ಸಾಲಿನಲ್ಲಿ ಮುಗಿದಿದೆ ಅಂದಿರಿ. ಶಿಕ್ಷೆ ಜಾಸ್ತಿಯಾಯಿತಾ, ಸರಿಯಿದೆಯಾ, ಕಡಿಮೆಯಾಯಿತಾ ಅಂತ ನೋಡುವುದು ಮೇಲ್ಮನವಿ ಪ್ರಾಧಿಕಾರದ ಕರ್ತವ್ಯ, ಅದು ನಿಯಮದಲ್ಲೇ ಇದೆ. ಅಮ್ಮನ ಕಾಯಿಲೆಯ ಕಾಗದವನ್ನು ಅವರು ಓದಿದರು ಅನ್ನುವುದಕ್ಕೆ ಆ ಒಂದು ಸಾಲಿನಲ್ಲಿ ಗುರುತೇ ಇಲ್ಲ. ಶಿಕ್ಷೆ ಕಠೋರ ಅಂತ ಹತ್ತು ಪುಟ ವಾದಿಸುವುದಕ್ಕಿಂತ ಈ ಒಂದು ಸಾಲನ್ನು ಕೆಎಟಿ ಮುಂದೆ ಇಡುವುದು ಗಟ್ಟಿ.

ನಿಮ್ಮ ಕೊನೆಯ ಪ್ಯಾರಾದಲ್ಲಿ “ಕೋರ್ಟ್ ಆಕೆಯನ್ನು ಮರುದಿನವೇ ಕುರ್ಚಿಯಲ್ಲಿ ಕೂರಿಸುತ್ತದೆ” ಅಂದಿದ್ದೀರಿ. ತೆಗೆದುಬಿಡಿ. 1995ರ ಬಿ.ಸಿ. ಚತುರ್ವೇದಿ ತೀರ್ಪಿನಿಂದ ಈಚೆಗೆ ರೂಢಿ ಏನೆಂದರೆ, ಶಿಕ್ಷೆ ವಿಪರೀತ ಅನ್ನಿಸಿದರೆ ಸಾಮಾನ್ಯವಾಗಿ ಕಡತವನ್ನು ಅದೇ ಇಲಾಖೆಗೆ ವಾಪಸ್ ಕಳಿಸಿ ಶಿಕ್ಷೆಯನ್ನು ಮರುಪರಿಶೀಲಿಸಿ ಅನ್ನುತ್ತಾರೆ. ವ್ಯಾಜ್ಯ ಬಹಳ ಎಳೆದುಹೋಗಿದ್ದರೆ ಮಾತ್ರ, ಅದೂ ಅಪರೂಪಕ್ಕೆ, ತಾವೇ ಕಡಿಮೆ ಶಿಕ್ಷೆ ಬರೆಯುತ್ತಾರೆ. ವಾಪಸ್ ಬಂದ ಕಡತದಲ್ಲಿ ಆಕೆಗೆ ವೇತನ ಬಡ್ತಿ ತಡೆಯೋ, ಕಡ್ಡಾಯ ನಿವೃತ್ತಿಯೋ ಸಿಗಬಹುದು. ಪಿಂಚಣಿ ಲೆಕ್ಕದಲ್ಲಿ ಅವೆರಡರ ನಡುವೆ ಎಷ್ಟು ಅಂತರ ಅಂತ ಆಕೆಯನ್ನೇ ಕೇಳಿ ಬರೆಯಿರಿ.

ಹಾಗಾಗಿ ಕಂಡಕ್ಟರ್ ಭಾಗವನ್ನು ಅರ್ಧ ಪುಟಕ್ಕೆ ಇಳಿಸಿ. ಎಫ್‌ಡಿಎ ಕಥೆಯನ್ನು ಮುಂದೆ ತನ್ನಿ. ಆಕೆಯ ದೋಷಾರೋಪಣ ಪಟ್ಟಿ, ಆಕೆ ಕೊಟ್ಟ ಲಿಖಿತ ಉತ್ತರ, ಅಂತಿಮ ಆದೇಶ, ಮೇಲ್ಮನವಿ ಆದೇಶ, ಈ ನಾಲ್ಕರ ಪ್ರತಿ ತರಿಸಿಕೊಳ್ಳಿ. ರಜೆ ಅರ್ಜಿಯನ್ನು ನೋಂದಾಯಿತ ಅಂಚೆಯಲ್ಲಿ ಕಳಿಸಿದ್ದರಾ, ರಸೀದಿ ಇದೆಯಾ ಅಂತ ಕೇಳಿ. ಆಕೆ ಒಪ್ಪಿದರೆ ಮಾತ್ರ, ಹೆಸರು ಮತ್ತು ಊರು ತೆಗೆದು, ಆ ಹಳೇ ದಂಡನೆಯ ಪ್ಯಾರಾವನ್ನು ಪೂರ್ತಿಯಾಗಿ ಲೇಖನದ ಮೊದಲಿಗೇ ಹಾಕಿ. ಆದೇಶ ತಲುಪಿದ ದಿನಾಂಕ ಯಾವುದು ಅಂತ ಇವತ್ತೇ ಕೇಳಿ. ಕೆಎಟಿಗೆ ಹೋಗಲು ಒಂದು ವರ್ಷದ ಮಿತಿ ಇದೆ, ಲೇಖನ ತಡವಾದರೂ ಪರವಾಗಿಲ್ಲ.