ಫ್ರೇಮ್ ಜಾಸ್ತಿ ಕೊಟ್ಟರೂ ಪೇಜ್ ಫಾಲ್ಟ್ ಜಾಸ್ತಿ ಆಗುವುದು ಯಾಕೆ?

ಪ್ರಶ್ನೆ: ರೆಫರೆನ್ಸ್ ಸ್ಟ್ರಿಂಗ್ 1, 2, 3, 4, 1, 2, 5, 1, 2, 3, 4, 5. ಫೈಫೊದಲ್ಲಿ 3 ಫ್ರೇಮ್‌ಗೆ 9 ಪೇಜ್ ಫಾಲ್ಟ್ ಬರ್ತಿದೆ, 4 ಫ್ರೇಮ್‌ಗೆ 10. ಎಷ್ಟು ಸಲ ಎಣಿಸಿದರೂ ಅಷ್ಟೇ. ಫ್ರೇಮ್ ಜಾಸ್ತಿ ಇದ್ದರೆ ಫಾಲ್ಟ್ ಕಡಿಮೆ ಆಗಬೇಕಲ್ವಾ? ಎಲ್ಲಿ ತಪ್ಪಾಗ್ತಿದೆ?

ಉತ್ತರ: ಎಲ್ಲೂ ತಪ್ಪಿಲ್ಲ, ಎರಡೂ ಲೆಕ್ಕ ಸರಿ. ಇದಕ್ಕೆ ಬೆಲಾಡಿ ಅನಾಮಲಿ ಅಂತ ಹೆಸರು. ಐಬಿಎಂನಲ್ಲಿದ್ದ ಬೆಲಾಡಿ ಮತ್ತು ಅವರ ಜೊತೆಗಾರರು 1969ರಲ್ಲೇ ಇದನ್ನು ಬರೆದಿದ್ದರು.

ನಾನು ಬೆಂಗಳೂರಿನ ವಿಜಯನಗರದಲ್ಲಿ ಸಂಜೆ ಹೊತ್ತು ಬಿಇ ಹುಡುಗರಿಗೆ ಓಎಸ್ ಹೇಳಿಕೊಡುತ್ತೇನೆ. ಈ ಹೆಸರು ಬಾಯಿಪಾಠ ಇರುವವರು ಬೇಕಾದಷ್ಟು ಜನ ಸಿಗುತ್ತಾರೆ, ಆದರೆ ಯಾಕೆ ಹೀಗೆ ಅಂದರೆ ಸುಮ್ಮನಾಗುತ್ತಾರೆ. ಸ್ಟ್ರಿಂಗ್‌ನ ಒಂದೇ ಜಾಗದಲ್ಲಿ ನಿಂತು ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ.

ಕ್ಯೂನಲ್ಲಿ ಹಳೆಯದನ್ನು ಎಡಕ್ಕೆ, ಹೊಸದನ್ನು ಬಲಕ್ಕೆ ಬರೆಯಿರಿ. ಮೊದಲ ನಾಲ್ಕು ರೆಫರೆನ್ಸ್ ಎರಡು ಕಡೆಯೂ ಫಾಲ್ಟೇ. ಆಮೇಲೆ 3 ಫ್ರೇಮ್‌ನಲ್ಲಿ 2, 3, 4 ಇರುತ್ತವೆ, 1 ಆಗಲೇ ಹೊರಗೆ ಹೋಗಿರುತ್ತದೆ. 4 ಫ್ರೇಮ್‌ನಲ್ಲಿ 1, 2, 3, 4 ಪೂರ್ತಿ ಇರುತ್ತವೆ. ಈಗ ಮತ್ತೆ 1, 2 ಕೇಳುತ್ತದೆ. 4 ಫ್ರೇಮ್‌ನವನಿಗೆ ಎರಡೂ ಹಿಟ್. 3 ಫ್ರೇಮ್‌ನವನಿಗೆ ಎರಡೂ ಫಾಲ್ಟ್, ಅವನ ಕ್ಯೂ 4, 1, 2 ಆಗುತ್ತದೆ. ಇಲ್ಲಿಯವರೆಗೆ 4 ಫ್ರೇಮ್‌ನವನೇ ಮುಂದೆ, 4 ಫಾಲ್ಟ್‌ಗೆ 6.

ಆದರೆ ಫೈಫೊ ನೋಡುವುದು ಪೇಜ್ ಯಾವಾಗ ಒಳಗೆ ಬಂತು ಅನ್ನುವುದನ್ನು ಮಾತ್ರ, ಯಾವಾಗ ಬಳಕೆಯಾಯಿತು ಅಂತ ನೋಡುವುದೇ ಇಲ್ಲ. 4 ಫ್ರೇಮ್‌ನಲ್ಲಿ 1 ಮತ್ತು 2 ಈಗಷ್ಟೇ ಹಿಟ್ ಆದರೂ ಕ್ಯೂನಲ್ಲಿ ಅವೇ ಅತಿ ಹಳೆಯವು. 3 ಫ್ರೇಮ್‌ನಲ್ಲಿ ಫಾಲ್ಟ್ ಆಗಿ ಮತ್ತೆ ಬಂದದ್ದರಿಂದ ಅವೇ ಹೊಸವು. ಈಗ 5 ಬಂತು. 3 ಫ್ರೇಮ್‌ನಲ್ಲಿ 4 ಹೋಗಿ 1, 2, 5 ಉಳಿಯುತ್ತವೆ. 4 ಫ್ರೇಮ್‌ನಲ್ಲಿ 1 ಹೋಗಿ 2, 3, 4, 5 ಉಳಿಯುತ್ತವೆ. ಮುಂದೆ ಬೇಕಾದದ್ದು ಯಾವುದು? ಅದೇ 1. ಚಿಕ್ಕ ಮೆಮೊರಿಯಲ್ಲಿ ಅದು ಇದೆ, ದೊಡ್ಡದರಲ್ಲಿ ಇಲ್ಲ! ಅಲ್ಲಿಂದ ಕೊನೆಯವರೆಗೆ 4 ಫ್ರೇಮ್‌ನವನು ಪ್ರತಿ ಸಲವೂ ಮುಂದೆ ಬೇಕಾಗುವ ಪೇಜನ್ನೇ ಹೊರಗೆ ಹಾಕುತ್ತಾನೆ, 1, 2, 3, 4, 5 ಐದೂ ಫಾಲ್ಟ್. 3 ಫ್ರೇಮ್‌ನವನಿಗೆ 1, 2 ಮತ್ತು ಕೊನೆಯ 5 ಹಿಟ್, 3 ಮತ್ತು 4 ಮಾತ್ರ ಫಾಲ್ಟ್. ನೀವು ಹೇಳಿದ 10 ಮತ್ತು 9 ಹೀಗೆ ಬಂದವು.

ಎಲ್‌ಆರ್‌ಯುನಲ್ಲಿ ಇದು ಯಾವ ಸ್ಟ್ರಿಂಗ್ ಕೊಟ್ಟರೂ ಆಗುವುದಿಲ್ಲ. ಅಲ್ಲಿ 3 ಫ್ರೇಮ್ ತುಂಬಿದ ಮೇಲೆ ಒಳಗೆ ಇರುವುದು ಯಾವಾಗಲೂ ಇತ್ತೀಚೆಗೆ ಬಳಸಿದ 3 ಬೇರೆ ಬೇರೆ ಪೇಜ್, 4 ಫ್ರೇಮ್‌ನಲ್ಲಿ ಇತ್ತೀಚಿನ 4. ಆ ಮೂರು ಈ ನಾಲ್ಕರ ಒಳಗೆ ಇದ್ದೇ ಇರುತ್ತವೆ ಅಲ್ವಾ? ಹಾಗಾಗಿ ಚಿಕ್ಕದರಲ್ಲಿ ಹಿಟ್ ಆದದ್ದು ದೊಡ್ಡದರಲ್ಲಿ ಫಾಲ್ಟ್ ಆಗಲು ದಾರಿಯೇ ಇಲ್ಲ. ಇದೇ ಸ್ಟ್ರಿಂಗ್‌ಗೆ ಎಲ್‌ಆರ್‌ಯು ಹಾಕಿದರೆ 3 ಫ್ರೇಮ್‌ಗೆ 10, 4 ಫ್ರೇಮ್‌ಗೆ 8. ಇಲ್ಲೊಂದು ಗಮನಿಸಿ, 3 ಫ್ರೇಮ್‌ನಲ್ಲಿ ಫೈಫೊದ 9ಕ್ಕಿಂತ ಎಲ್‌ಆರ್‌ಯುಗೇ ಒಂದು ಫಾಲ್ಟ್ ಜಾಸ್ತಿ. ಎಲ್‌ಆರ್‌ಯು ಯಾವಾಗಲೂ ಫೈಫೊಗಿಂತ ಚೆನ್ನ ಅಂತ ಪರೀಕ್ಷೆಯಲ್ಲಿ ಬರೆಯಬೇಡಿ, ಅದು ನಿಜವಲ್ಲ. ನಿಜವಾಗಿ ಸಿಗುವ ಭರವಸೆ ಒಂದೇ, ಫ್ರೇಮ್ ಕೂಡಿಸಿದರೆ ಅದರ ಫಾಲ್ಟ್ ಏರುವುದಿಲ್ಲ.

ನಿಮ್ಮ ಗೆಳೆಯರಲ್ಲಿ ಯಾರಾದರೂ ಫೈಫೊ ಮಾಡಿದೆ, ಆದರೆ 10 ಮತ್ತು 8 ಬಂತು ಅಂದರೆ ಅವರು ಹಿಟ್ ಆದಾಗಲೂ ಪೇಜನ್ನು ಕ್ಯೂನ ಹಿಂದಕ್ಕೆ ಸರಿಸಿದ್ದಾರೆ, ಅಂದರೆ ಗೊತ್ತಿಲ್ಲದೆ ಎಲ್‌ಆರ್‌ಯು ಮಾಡಿದ್ದಾರೆ. 6 ಮತ್ತು 6 ಬಂದರೆ ಖಾಲಿ ಫ್ರೇಮ್ ತುಂಬಿದ್ದನ್ನು ಫಾಲ್ಟ್ ಅಂತ ಎಣಿಸಿಲ್ಲ. ಪ್ರಶ್ನೆಯಲ್ಲಿ ಬೇರೆ ಏನೂ ಹೇಳದಿದ್ದರೆ ಅವನ್ನೂ ಎಣಿಸಲೇಬೇಕು.