ರಿಕ್ರೂಟರ್ ಫೋನ್ ಇಟ್ಟ ಮೇಲೆ ಬರೆಯುವ ನಾಲ್ಕು ಸಾಲು

ಪ್ರಶ್ನೆ: ಅಕೌಂಟ್ಸ್ ಹುದ್ದೆಯೊಂದಕ್ಕೆ ಅರ್ಜಿ ಹಾಕಿದ್ದೆ. ಇವತ್ತು ಮಧ್ಯಾಹ್ನ ಆ ಕಂಪನಿಯ ರಿಕ್ರೂಟರ್ ಫೋನ್ ಮಾಡಿ 20 ನಿಮಿಷ ಮಾತಾಡಿದರು. ತಿಂಗಳ ಲೆಕ್ಕ ಮುಗಿಸೋದು ಅವರಲ್ಲಿ ತುಂಬಾ ತಡವಾಗ್ತಿದೆಯಂತೆ. ‘ನಿಮ್ಮಲ್ಲಿ ಎಷ್ಟು ದಿನ ಹಿಡಿಯುತ್ತೆ?’ ಅಂತ ಕೇಳಿದಾಗ ನಾನು ತಡವರಿಸಿಬಿಟ್ಟೆ. ಫೋನ್ ಇಟ್ಟ ಮೇಲೆ ನೆನಪಾಯಿತು: ಮೊದಲು 9 ದಿನ ಆಗ್ತಿತ್ತು, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ನಮ್ಮ ಲೆಕ್ಕ ತಾಳೆ ನೋಡೋ ಬ್ಯಾಂಕ್ ರಿಕನ್ಸಿಲಿಯೇಷನ್ ವಾರ ವಾರ ಮಾಡೋಕೆ ಶುರು ಮಾಡಿದ ಮೇಲೆ 6 ದಿನಕ್ಕೆ ಬಂತು. ಬುಧವಾರದೊಳಗೆ ತಿಳಿಸ್ತೀವಿ ಅಂದಿದ್ದಾರೆ. ಥ್ಯಾಂಕ್ಸ್ ಹೇಳಿ ಹೀಗೊಂದು ಮೇಲ್ ಬರೆದಿಟ್ಟಿದ್ದೇನೆ: ‘ನಿಮ್ಮ ಅಮೂಲ್ಯ ಸಮಯಕ್ಕೆ ಧನ್ಯವಾದಗಳು. ಈ ಹುದ್ದೆಗೆ ನಾನು ಸೂಕ್ತ ಅಭ್ಯರ್ಥಿ ಎಂಬ ನಂಬಿಕೆಯಿದೆ. ನಿಮ್ಮ ಉತ್ತರದ ನಿರೀಕ್ಷೆಯಲ್ಲಿದ್ದೇನೆ.’ ಇಷ್ಟು ಸಾಕಾ?

ಉತ್ತರ: ಮೇಲ್ ಕಳಿಸಿ, ಆದರೆ ಇದನ್ನಲ್ಲ. ಈ ಮೂರು ವಾಕ್ಯಗಳಲ್ಲಿ ಇವತ್ತಿನ ಮಾತುಕತೆಯದ್ದು ಅನ್ನುವಂಥದ್ದು ಏನೂ ಇಲ್ಲ. ಫೋನ್ ಇಟ್ಟ ಮೇಲೆ ನೆನಪಾಯಿತು ಅಂತ ನನಗೆ ಹೇಳಿದ ವಿಷಯವನ್ನೇ ಅವರಿಗೆ ಹೇಳದೇ ಬಿಟ್ಟಿದ್ದೀರಿ.

ಫೋನ್ ಇಟ್ಟ ಮೇಲೆ ಆ ಕಡೆ ಏನಾಗುತ್ತದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ನಾನೂ ವರ್ಷಗಟ್ಟಲೆ ಅದೇ ಕುರ್ಚಿಯಲ್ಲಿ ಕೂತವಳು. ರಿಕ್ರೂಟರ್ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುವವರಲ್ಲ. ಮುಂದಿನ ಸುತ್ತಿಗೆ ಯಾರನ್ನು ಕಳಿಸಬೇಕು ಅಂತ ಶಿಫಾರಸು ಮಾಡುವವರು. ಕರೆ ಮುಗಿದ ಕೂಡಲೇ ಅವರು ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿನ ಮುಂದೆ ನಾಲ್ಕೈದು ಸಾಲು ಬರೆದಿಡುತ್ತಾರೆ. ಎಷ್ಟು ವರ್ಷದ ಅನುಭವ, ಸಂಬಳದ ನಿರೀಕ್ಷೆ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು ದಿನ, ಮುಖ್ಯ ಪ್ರಶ್ನೆಗೆ ಏನು ಹೇಳಿದರು, ಇಷ್ಟೇ. ಆ ಸಾಲುಗಳೇ ಅಕೌಂಟ್ಸ್ ವಿಭಾಗದ ಮ್ಯಾನೇಜರ್ ಕೈಗೆ ಹೋಗುತ್ತವೆ. ಮ್ಯಾನೇಜರ್ ನಿಮ್ಮ ದನಿ ಕೇಳಿಲ್ಲ, ಮುಖ ನೋಡಿಲ್ಲ. ಇವತ್ತು ಆ ಸಾಲುಗಳಲ್ಲಿ ‘ತಿಂಗಳ ಲೆಕ್ಕದ ಬಗ್ಗೆ ಸ್ಪಷ್ಟ ಉತ್ತರ ಸಿಗಲಿಲ್ಲ’ ಅಂತ ಬರೆದಿರುವ ಸಾಧ್ಯತೆಯೇ ಹೆಚ್ಚು.

ಹಾಗಾಗಿ ನಿಮ್ಮ ಮೇಲ್ ಬರೀ ಸೌಜನ್ಯದ ಕಾಗದವಲ್ಲ. ರಿಕ್ರೂಟರ್ ಎತ್ತಿ ತಮ್ಮ ಟಿಪ್ಪಣಿಯಲ್ಲಿ ಅಂಟಿಸಿಕೊಳ್ಳಬಹುದಾದ ಒಂದು ವಾಕ್ಯ ಅದರಲ್ಲಿ ಇರಬೇಕು. ಅಕೌಂಟ್ಸ್ ಗೊತ್ತಿಲ್ಲದವರು ಓದಿದರೂ ಅರ್ಥವಾಗಬೇಕು, ಗೊತ್ತಿರುವ ಮ್ಯಾನೇಜರ್ ಓದಿದರೆ ‘ಇವರನ್ನು ಕರೆಸಿ’ ಅನ್ನಿಸಬೇಕು. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

> ನಮಸ್ಕಾರ,
>
> ಇವತ್ತು ಮಾತಾಡಿದ್ದಕ್ಕೆ ಧನ್ಯವಾದ. ತಿಂಗಳ ಲೆಕ್ಕ ಮುಗಿಸುವುದು ನಿಮ್ಮಲ್ಲಿ ತಡವಾಗುತ್ತಿದೆ ಎಂದು ನೀವು ಬಿಡಿಸಿ ಹೇಳಿದ್ದರಿಂದ ಹುದ್ದೆ ಏನೆಂಬುದು ಸರಿಯಾಗಿ ತಿಳಿಯಿತು.
>
> ಅದಕ್ಕೆ ನಮ್ಮಲ್ಲಿ ಎಷ್ಟು ದಿನ ಹಿಡಿಯುತ್ತದೆ ಎಂಬ ನಿಮ್ಮ ಪ್ರಶ್ನೆಗೆ ಫೋನಿನಲ್ಲಿ ನಾನು ಪೂರ್ತಿ ಉತ್ತರ ಕೊಡಲಿಲ್ಲ. ನಮ್ಮಲ್ಲಿ ಮೊದಲು 9 ದಿನ ಹಿಡಿಯುತ್ತಿತ್ತು. ಬ್ಯಾಂಕ್ ರಿಕನ್ಸಿಲಿಯೇಷನ್ ಅನ್ನು ತಿಂಗಳ ಕೊನೆಗೆ ಉಳಿಸಿಕೊಳ್ಳದೆ ವಾರಕ್ಕೊಮ್ಮೆ ಮಾಡತೊಡಗಿದ ಮೇಲೆ 6 ದಿನಕ್ಕೆ ಇಳಿದಿದೆ.
>
> ಬುಧವಾರದೊಳಗೆ ತಿಳಿಸುವುದಾಗಿ ಹೇಳಿದ್ದೀರಿ. ಅಷ್ಟರಲ್ಲಿ ಬೇರೇನಾದರೂ ವಿವರ ಬೇಕಾದರೆ ಕಳಿಸುತ್ತೇನೆ.

ಎರಡನೇ ಪ್ಯಾರಾ ಗಮನಿಸಿ. ‘ಗಾಬರಿಯಾಗಿತ್ತು’, ‘ನೆಟ್‌ವರ್ಕ್ ಸರಿಯಿರಲಿಲ್ಲ’ ಅನ್ನುವ ಸಮಜಾಯಿಷಿ ಇಲ್ಲ. ಉತ್ತರ ಅರ್ಧಕ್ಕೇ ನಿಂತಿತ್ತು ಅಂತ ಒಪ್ಪಿಕೊಂಡು ಮರುಕ್ಷಣವೇ ಉತ್ತರ ಕೊಟ್ಟಾಗಿದೆ. 9 ಮತ್ತು 6ರ ನಡುವೆ ಏನು ಬದಲಾಯಿತು ಅನ್ನುವುದೂ ಅದೇ ವಾಕ್ಯದಲ್ಲಿದೆ. ಕಾರಣ ಬಿಟ್ಟು ಬರೀ ಸಂಖ್ಯೆ ಬರೆದರೆ ಅದು ಹೇಳಿಕೆಯಾಗಿ ಉಳಿಯುತ್ತದೆ. ಕಾರಣ ಸೇರಿದರೆ ಮ್ಯಾನೇಜರಿಗೆ ಮುಂದಿನ ಸುತ್ತಿನಲ್ಲಿ ಕೇಳಲು ಒಂದು ಪ್ರಶ್ನೆ ಸಿಗುತ್ತದೆ. ಆ ಬದಲಾವಣೆ ನೀವೇ ತಂದದ್ದಾ, ತಂಡವೆಲ್ಲ ಸೇರಿ ತಂದದ್ದಾ ಅಂತ ನಿಮ್ಮ ಪತ್ರದಿಂದ ನನಗೆ ತಿಳಿಯಲಿಲ್ಲ, ಅದಕ್ಕೇ ‘ನಮ್ಮಲ್ಲಿ’ ಅಂತ ಬರೆದೆ. ನೀವೇ ತಂದದ್ದಾದರೆ ಹಾಗೆಯೇ ಬರೆಯಿರಿ. ಅಲ್ಲದಿದ್ದರೆ ‘ನಮ್ಮಲ್ಲಿ’ ಇರಲಿ, ಮುಂದಿನ ಸುತ್ತಿನಲ್ಲಿ ಅದನ್ನೇ ಕೆದಕುತ್ತಾರೆ.

ಇಂಥ ತಿದ್ದುಪಡಿ ಒಂದೇ ಇರಲಿ. ಫೋನಿನಲ್ಲಿ ಸರಿಯಾಗಿ ಬಾರದ ಮೂರು ಉತ್ತರಗಳನ್ನೂ ಮೇಲ್‌ನಲ್ಲಿ ಬರೆಯಲು ಹೊರಟರೆ, ಮೂರು ಕಡೆ ಎಡವಿದ್ದೀರಿ ಅಂತ ನೀವೇ ಪಟ್ಟಿ ಮಾಡಿಕೊಟ್ಟ ಹಾಗೆ. ಹುದ್ದೆಗೆ ತೀರಾ ಹತ್ತಿರವಾದದ್ದು ಯಾವುದೋ ಅದನ್ನು ಆರಿಸಿ. ಮತ್ತೆ, ಸಂಬಳದ ಮಾತನ್ನು ಈ ಮೇಲ್‌ನಲ್ಲಿ ಎತ್ತಬೇಡಿ. ಕಡಿಮೆ ಹೇಳಿಬಿಟ್ಟೆ ಅನ್ನಿಸುವುದು ಸಹಜ. ಆದರೆ ಥ್ಯಾಂಕ್ಸ್ ಹೇಳುವ ಮೇಲ್‌ನಲ್ಲಿ ಮೊತ್ತ ಏರಿಸಿದರೆ ಓದುವವರಿಗೆ ಅದೊಂದೇ ಕಣ್ಣಿಗೆ ಬೀಳುತ್ತದೆ, ಉಳಿದ ಸಾಲುಗಳೆಲ್ಲ ವ್ಯರ್ಥ. ಅದಕ್ಕೆ ಬೇರೆಯಾಗಿ ಒಂದು ಫೋನ್ ಮಾಡುವುದು ಒಳ್ಳೆಯದು. ನೋಟಿಸ್ ಪೀರಿಯಡ್ ತಪ್ಪಾಗಿ ಹೇಳಿದ್ದರೆ ಮಾತ್ರ ಇಲ್ಲೇ ಸರಿಪಡಿಸಿ. ಅದು ವಾಸ್ತವದ ವಿಷಯ, ತಪ್ಪು ದಿನ ಅವರ ಟಿಪ್ಪಣಿಯಲ್ಲಿ ಉಳಿದರೆ ಮುಂದೆ ಇಬ್ಬರಿಗೂ ತೊಂದರೆ.

ಕಳಿಸುವ ರೀತಿಯೂ ಮುಖ್ಯ. ಕರೆಯ ಸಮಯ ನಿಗದಿ ಮಾಡಲು ಅವರು ಕಳಿಸಿದ್ದ ಮೇಲ್‌ಗೇ ರಿಪ್ಲೈ ಮಾಡಿ. ಒಬ್ಬ ರಿಕ್ರೂಟರ್ ಕೈಯಲ್ಲಿ ಒಂದೇ ಸಲಕ್ಕೆ ಹಲವು ಹುದ್ದೆಗಳಿರುತ್ತವೆ. ‘ಧನ್ಯವಾದಗಳು’ ಅನ್ನುವ ವಿಷಯದ ಹೊಸ ಮೇಲ್ ಬಂದರೆ ಯಾರಿವರು, ಯಾವ ಹುದ್ದೆಯವರು ಅಂತ ಹುಡುಕಬೇಕಾಗುತ್ತದೆ. ಹಳೆಯ ಮೇಲ್‌ಗೇ ಉತ್ತರಿಸಿದರೆ ಹುದ್ದೆಯ ಹೆಸರು, ಹಿಂದಿನ ಮಾತುಕತೆ ಎಲ್ಲ ಕೆಳಗೇ ಇರುತ್ತವೆ, ಮ್ಯಾನೇಜರಿಗೆ ಫಾರ್ವರ್ಡ್ ಮಾಡಬೇಕೆಂದರೆ ಒಂದು ಕ್ಲಿಕ್ ಸಾಕು. ಅವರು ನಿಮಗೆ ಯಾವ ಭಾಷೆಯಲ್ಲಿ ಬರೆದಿದ್ದರೋ ಆ ಭಾಷೆಯಲ್ಲೇ ಬರೆಯಿರಿ. ಇದೇ ಮಾತನ್ನು ಮೇಲ್, ಲಿಂಕ್ಡ್‌ಇನ್, ವಾಟ್ಸ್ಆ್ಯಪ್ ಮೂರರಲ್ಲೂ ಕಳಿಸುವವರಿದ್ದಾರೆ. ಅದು ಬೆನ್ನು ಬಿದ್ದಂತೆ ಕಾಣುತ್ತದೆ.

ನಿಮ್ಮ ವಿಷಯದಲ್ಲಿ ಸಮಯ ಇನ್ನೂ ಮುಖ್ಯ. ಬರೀ ಥ್ಯಾಂಕ್ಸ್ ಆಗಿದ್ದರೆ ನಾಳೆ ಕಳಿಸಿದರೂ ನಡೆಯುತ್ತಿತ್ತು. ತಿದ್ದುಪಡಿ ಇರುವುದರಿಂದ ಅವರು ಟಿಪ್ಪಣಿ ಮುಂದೆ ಕಳಿಸುವ ಮೊದಲೇ ತಲುಪಬೇಕು, ಅಂದರೆ ಇವತ್ತೇ. ಕಳಿಸುವ ಮುನ್ನ ಅವರ ಹೆಸರಿನ ಕಾಗುಣಿತ, ಕಂಪನಿಯ ಹೆಸರು ಎರಡನ್ನೂ ಇನ್ನೊಮ್ಮೆ ನೋಡಿಕೊಳ್ಳಿ. ಒಂದೇ ವಾರದಲ್ಲಿ ನಾಲ್ಕು ಕಡೆ ಮಾತಾಡಿದವರು ಹಳೆಯ ಮೇಲ್ ನಕಲು ಮಾಡಿ ಬೇರೆ ಕಂಪನಿಯ ಹೆಸರನ್ನು ಹಾಗೆಯೇ ಉಳಿಸಿ ಕಳಿಸಿದ್ದನ್ನು ನಾನೇ ಓದಿದ್ದೇನೆ. ಓದಿದಾಗ ಅವರ ಬಗ್ಗೆ ಬೇಸರವೇ ಆಗಿತ್ತು, ಯಾಕೆಂದರೆ ಫೋನಿನಲ್ಲಿ ಚೆನ್ನಾಗಿಯೇ ಮಾತಾಡಿದ್ದರು.

ಒಂದು ಮಿತಿಯನ್ನೂ ಹೇಳಿಬಿಡುತ್ತೇನೆ. ಅನುಭವ ಸಾಲದು, ಸಂಬಳ ಹೊಂದುವುದಿಲ್ಲ ಅಂತ ಅವರು ಆಗಲೇ ನಿರ್ಧರಿಸಿದ್ದರೆ ಈ ಮೇಲ್ ಅದನ್ನು ಬದಲಿಸುವುದಿಲ್ಲ. ಕರೆಸೋಣವೋ ಬೇಡವೋ ಅಂತ ಅನುಮಾನದಲ್ಲಿ ಇಟ್ಟಿದ್ದರೆ ಕೆಲಸಕ್ಕೆ ಬರುತ್ತದೆ, ತಡವರಿಸಿದ ನಿಮ್ಮ ಉತ್ತರ ಆ ಜಾಗದಲ್ಲೇ ಇರಬಹುದು. ಇದಕ್ಕೆ ಮರುತ್ತರ ಬಾರದಿದ್ದರೆ ಕೆಟ್ಟ ಸೂಚನೆ ಅಂದುಕೊಳ್ಳಬೇಡಿ, ಓದಿ ಸುಮ್ಮನಾಗುವುದೇ ರೂಢಿ. ಬುಧವಾರ ಕಳೆದೂ ಸುದ್ದಿ ಇಲ್ಲದಿದ್ದರೆ ಗುರುವಾರ ಬಿಟ್ಟು ಶುಕ್ರವಾರ ಬೆಳಿಗ್ಗೆ ಇದೇ ಮೇಲ್‌ನ ಕೆಳಗೆ ‘ಮುಂದಿನ ಸುತ್ತಿನ ಬಗ್ಗೆ ಏನಾದರೂ ತೀರ್ಮಾನವಾಗಿದೆಯೇ?’ ಅಂತ ಒಂದೇ ಸಾಲು ಬರೆದು ಕೇಳಿ.